ಚೀಲದ ತೂಕ ಗೊತ್ತು, ಒಳಗಿನ ಬೀಜ ಎಷ್ಟು? ರೋಬಸ್ಟಾ ಚೆರ್ರಿ ಮಾರುವ ಮೊದಲು ಹಾಕಬೇಕಾದ ಲೆಕ್ಕ

ಅಡಿಕೆ ಮಾರಿ ಅಭ್ಯಾಸವಿದ್ದವರಿಗೆ ಕಾಫಿ ಮಾರುವುದು ಮೊದಲ ವರ್ಷ ಸ್ವಲ್ಪ ಕಷ್ಟವೇ. ಅಡಿಕೆಯನ್ನು ಸುಲಿದು ಎದುರಿಗೆ ಸುರಿದರೆ ಮಾಲು ಏನೆಂದು ಕಣ್ಣಿಗೆ ಕಾಣುತ್ತದೆ. ಕಾಫಿಯಲ್ಲಿ ಹಾಗಲ್ಲ. ನಾವು ಕೊಡುವುದು ಸಿಪ್ಪೆಯೊಂದಿಗೆ ಒಣಗಿದ ಚೆರ್ರಿ, ದುಡ್ಡು ಬರುವುದು ಒಳಗಿನ ಬೀಜಕ್ಕೆ. ಚೀಲದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸಿಪ್ಪೆ, ಉಳಿದರ್ಧದಲ್ಲಿ ಬೀಜವೆಷ್ಟು ನೀರೆಷ್ಟು ಎಂದು ಒಡೆದು ನೋಡಿದವನಿಗೆ ಮಾತ್ರ ಗೊತ್ತು.

ನಾನಿರುವುದು ಮಂಗಳೂರಿನಲ್ಲಿ. ತೋಟ ಇರುವುದು ಬೆಳ್ತಂಗಡಿ ಕಡೆ, ಘಟ್ಟದ ಬುಡದಲ್ಲಿ. ಅಡಿಕೆಯ ನಡುವೆ ಹಾಕಿದ ರೋಬಸ್ಟಾ ಗಿಡಗಳಲ್ಲಿ ಸರಿಯಾದ ಫಸಲು ಬಂದ ಮೊದಲ ವರ್ಷ 2,500 ಕಿಲೋ ಹಣ್ಣು ಕೊಯ್ದೆವು. ಅಂಗಳದಲ್ಲಿ ಒಣಗಿಸಿ ಚೀಲ ತುಂಬಿದಾಗ 1,010 ಕಿಲೋ ಚೆರ್ರಿ. ವ್ಯಾಪಾರಿಯೊಬ್ಬರು ಬಂದು 200 ಗ್ರಾಂ ಸ್ಯಾಂಪಲ್ ಒಯ್ದರು. ಎರಡು ದಿನ ಬಿಟ್ಟು ಫೋನ್ ಮಾಡಿ, "ಔಟ್‌ಟರ್ನ್ ಇಪ್ಪತ್ತೈದೂವರೆ ಬಂತು, ಮಾಯಿಶ್ಚರ್ ಹದಿಮೂರು ಉಂಟು, ಕ್ವಿಂಟಾಲಿಗೆ ಎರಡು ಕಿಲೋ ಕಡಿತ" ಅಂದರು. ನಾನು ಆಯಿತು ಅಂದೆ. ಏನಕ್ಕೆ ಆಯಿತು ಅಂದೆ ಎಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಘಟ್ಟದ ಮೇಲಿನ ನಮ್ಮ ಭಾವ ಆ ಚೀಟಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಸ್ಯಾಂಪಲ್ಲನ್ನು ಒಣಗಿಸಿ ಆಮೇಲೆ ಒಡೆದದ್ದಾ, ಹಾಗೇ ಒಡೆದದ್ದಾ? ಅದು ಕೇಳಿದಿರಾ ಭಾವ?" ಕೇಳಿರಲಿಲ್ಲ. ಈ ಬರಹ ಆ ಪ್ರಶ್ನೆಯ ಸುತ್ತವೇ ಇದೆ. ಅದೇ 1,010 ಕಿಲೋವನ್ನು ಇಟ್ಟುಕೊಂಡು ಕೊನೆಯವರೆಗೆ ಹೋಗೋಣ. ಪೇಟೆಯ ದರ ದಿನಕ್ಕೊಂದು. ಹಾಗಾಗಿ ಎಲ್ಲ ಕಡೆ ಪಾಯಿಂಟಿಗೆ ₹350 ಎಂದು ಲೆಕ್ಕಕ್ಕೆ ಹಿಡಿದಿದ್ದೇನೆ, ನಿಮ್ಮ ದಿನದ ದರ ಹಾಕಿಕೊಳ್ಳಿ.

ಮೊದಲು ಪಾಯಿಂಟ್ ಅಂದರೆ ಏನು

ವ್ಯಾಪಾರದಲ್ಲಿ ಚೆರ್ರಿಯ ಚೀಲ ಅಂದರೆ 50 ಕಿಲೋ. ಆ 50 ಕಿಲೋ ಚೆರ್ರಿಯನ್ನು ಸಿಪ್ಪೆ ಬಿಡಿಸಿದಾಗ ಎಷ್ಟು ಕಿಲೋ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್. 26 ಕಿಲೋ ಸಿಕ್ಕಿದರೆ ಔಟ್‌ಟರ್ನ್ 26. ಪಾಯಿಂಟಿಗೆ ₹350 ಅಂದರೆ ಆ ಚೀಲಕ್ಕೆ 26 × 350, ಅಂದರೆ ₹9,100. ಬೇರೆ ಮಾತಿನಲ್ಲಿ ಹೇಳಿದರೆ ಪಾಯಿಂಟಿನ ದರ ಎಂದರೆ ಒಂದು ಕಿಲೋ ಬೀಜದ ದರ, ಅಷ್ಟೇ. ಕೆಲವರು ಔಟ್‌ಟರ್ನ್ ನೋಡದೆ "ಚೀಲಕ್ಕೆ ಇಷ್ಟು" ಎಂದು ಹೇಳುತ್ತಾರೆ. ಆಗಲೂ ಅವರ ಮನಸ್ಸಿನಲ್ಲಿ ಒಂದು ಔಟ್‌ಟರ್ನ್ ಇದ್ದೇ ಇರುತ್ತದೆ, ಸಾಮಾನ್ಯವಾಗಿ ನಿಮ್ಮದಕ್ಕಿಂತ ಕಡಿಮೆಯದು.

ಅರೇಬಿಕಾ ಪಾರ್ಚ್‌ಮೆಂಟ್ ಇದ್ದವರಿಗೆ ಈ ತಲೆನೋವು ಕಡಿಮೆ. ಹಣ್ಣಿನ ಸಿಪ್ಪೆ ಪಲ್ಪರಿನಲ್ಲೇ ಹೋಗಿರುತ್ತದೆ. 50 ಕಿಲೋ ಪಾರ್ಚ್‌ಮೆಂಟಿನಲ್ಲಿ ಸುಮಾರು 40 ಕಿಲೋ ಬೀಜ ಸಿಗುತ್ತದೆ, ಅದು ತೋಟದಿಂದ ತೋಟಕ್ಕೆ ಹೆಚ್ಚು ಏರುಪೇರಾಗುವುದಿಲ್ಲ. ಚೆರ್ರಿಯಲ್ಲಿ ಮಾತ್ರ 24ರಿಂದ 28ರ ತನಕ ಏನು ಬೇಕಾದರೂ ಬರಬಹುದು. ಅದಕ್ಕೇ ಚೆರ್ರಿ ಮಾರುವವನು ತಾನೇ ಒಡೆದು ನೋಡಬೇಕು.

1996ರಲ್ಲಿ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಪೂರ್ತಿ ಮುಗಿಯುವವರೆಗೆ ಬೆಳೆಗಾರ ಮಾಲನ್ನು ಪೂಲಿಗೆ ಒಪ್ಪಿಸಿ ಕಂತಿನಲ್ಲಿ ಬರುವ ದುಡ್ಡಿಗೆ ಕಾಯುತ್ತಿದ್ದ. ಈಗ ಯಾರಿಗೆ ಬೇಕಾದರೂ ಮಾರಬಹುದು. ಅದರ ಜೊತೆಗೆ ತೂಕ, ತೇವ, ಔಟ್‌ಟರ್ನ್ ನೋಡಿಕೊಳ್ಳುವ ಕೆಲಸವೂ ಅವನ ತಲೆಗೇ ಬಂತು.

ಹಣ್ಣಿನ ತೂಕ ಬರೆಯುವಾಗಲೇ ಎರಡು ಕಾಲಂ ಇಡಿ

ಕೊಯ್ಲಿನವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವುದರಿಂದ ಹಣ್ಣಿನ ತೂಕ ಹೇಗೂ ಪುಸ್ತಕದಲ್ಲಿರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಜೊಳ್ಳು ಎಷ್ಟು ಎಂದು ಬರೆಯಿರಿ. ದಿನದ ಹಣ್ಣನ್ನು ಅಂಗಳಕ್ಕೆ ಹಾಕುವ ಮೊದಲು ನೀರಿನ ತೊಟ್ಟಿಗೆ ಸುರಿದರೆ ಜೊಳ್ಳು ತೇಲುತ್ತದೆ. ಬೋರರ್ ಕೊರೆದದ್ದು, ಬೀಜ ಕಟ್ಟದೆ ಟೊಳ್ಳಾದದ್ದು, ಗಿಡದಲ್ಲೇ ಒಣಗಿದ್ದು ಎಲ್ಲವೂ ಮೇಲೆ ಬರುತ್ತದೆ. ಅದನ್ನು ಸೋಸಿ ಬೇರೆ ಕಡೆ ಒಣಗಿಸಿ, ಬೇರೆ ಚೀಲಕ್ಕೆ ಹಾಕಿ.

ತೇಲಿದ್ದನ್ನೂ ಮುಳುಗಿದ್ದನ್ನೂ ಒಟ್ಟಿಗೆ ಹಾಕಿದರೆ ಒಟ್ಟು ಬೀಜವೇನೂ ಕಮ್ಮಿಯಾಗುವುದಿಲ್ಲವಲ್ಲ ಎಂದು ನಾನೂ ವಾದ ಮಾಡಿದವನೇ. ಕಾಗದದ ಮೇಲೆ ಅದು ಸರಿ. ಅಂಗಡಿಯಲ್ಲಿ ಸರಿಯಾಗುವುದಿಲ್ಲ. ವ್ಯಾಪಾರಿಯ ಸ್ಯಾಂಪಲ್ಲಿಗೆ ನಾಲ್ಕು ಕಪ್ಪು ಬೀಜ ಹೆಚ್ಚು ಬಂದರೆ ಅವನು ಇಡೀ ಮಾಲಿನ ದರವನ್ನೇ ಇಳಿಸುತ್ತಾನೆ. ಜೊಳ್ಳು ಬೇರೆ ಇದ್ದರೆ ಅದಕ್ಕೆ ಮಾತ್ರ ಕಡಿಮೆ ದರ.

ಹಣ್ಣಿನಿಂದ ಚೆರ್ರಿಗೆ ಬರುವ ಅನುಪಾತವನ್ನು ಜಾಸ್ತಿ ನಂಬಬೇಡಿ. ಚೆನ್ನಾಗಿ ಹಣ್ಣಾದ ರೋಬಸ್ಟಾದಲ್ಲಿ 100 ಕಿಲೋಗೆ 40ರ ಆಸುಪಾಸು ಒಣ ಚೆರ್ರಿ ಸಿಗುತ್ತದೆ. ಕೊನೆಯ ಸುತ್ತಿನ ಕೊಯ್ಲಿನಲ್ಲಿ ಅದು 50ಕ್ಕೂ ಏರಬಹುದು, ಯಾಕೆಂದರೆ ಹಣ್ಣು ಗಿಡದಲ್ಲೇ ಅರ್ಧ ಒಣಗಿರುತ್ತದೆ. ಇದರಿಂದ ಬೀಜ ಹೆಚ್ಚಾಯಿತು ಎಂದು ಖುಷಿಪಡುವಂಥದ್ದೇನಿಲ್ಲ. ಉಲ್ಟಾ, ಹಸಿರು ಕಾಯಿಯನ್ನೂ ಸೇರಿಸಿ ಬರಗಿದ ಸುತ್ತಿನಲ್ಲಿ ಹಣ್ಣಿನ ತೂಕ ಭರ್ಜರಿಯಾಗಿ ಕಾಣುತ್ತದೆ, ಒಡೆದಾಗ ಔಟ್‌ಟರ್ನ್ ಬಿದ್ದಿರುತ್ತದೆ. ಎಳೆ ಕಾಯಿಯ ಬೀಜ ಸಣ್ಣದು, ಸುಕ್ಕುಗಟ್ಟಿರುತ್ತದೆ. ಆ ತೂಕಕ್ಕೆ ಕೂಲಿಯನ್ನಂತೂ ಆಗಲೇ ಕೊಟ್ಟಾಗಿದೆ.

ಅಂಗಳದಲ್ಲಿ ಒಂದು ಗುರುತಿನ ತಟ್ಟೆ

ಒಣಗಿಸುವಾಗ ಆಗುವ ನಷ್ಟ ಎರಡು ರೀತಿಯದು. ನೀರು ಹೋಗುವುದು ನಷ್ಟವಲ್ಲ, ಅದು ಹೋಗಲೇಬೇಕು. ಬೇಕಾದ್ದಕ್ಕಿಂತ ಹೆಚ್ಚು ಒಣಗುವುದು ಒಂದು ನಷ್ಟ. ಕೊಳೆತು, ಹುದುಗಿ, ಬೂಸ್ಟು ಬಂದು ಬೀಜದ ಸತ್ವವೇ ಹೋಗುವುದು ಇನ್ನೊಂದು.

ಅಳತೆಗೆ ನಾನು ಈಗ ಮಾಡುವುದು ಇಷ್ಟು. ಒಂದು ಬಲೆ ತಟ್ಟೆಯಲ್ಲಿ ಮುಳುಗಿದ ಹಣ್ಣನ್ನು ಸರಿಯಾಗಿ 10 ಕಿಲೋ ತೂಗಿ ಹಾಕುತ್ತೇನೆ. ತಟ್ಟೆಗೆ ಕೆಂಪು ಬಟ್ಟೆ ಕಟ್ಟಿ ಉಳಿದ ಮಾಲಿನ ನಡುವೆಯೇ ಇಡುತ್ತೇನೆ. ಅಂಗಳದಲ್ಲಿ ಹಣ್ಣು ಸುಮಾರು 8 ಸೆಂಟಿಮೀಟರ್ ದಪ್ಪ ಹರಡಿದ್ದರೆ ತಟ್ಟೆಯಲ್ಲೂ ಅಷ್ಟೇ. ಅಲ್ಲಿ ಕೈಯಾಡಿಸಿದಾಗ ಇಲ್ಲೂ ಕೈಯಾಡಿಸುವುದು, ಸಂಜೆ ಅದನ್ನು ರಾಶಿ ಮಾಡಿ ಮುಚ್ಚಿದಾಗ ಇದನ್ನೂ ಮುಚ್ಚುವುದು. ಮುಚ್ಚುವ ಮೊದಲು ತಟ್ಟೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು.

ಮೊದಲ ದಿನಗಳಲ್ಲಿ ತೂಕ ದಡದಡ ಇಳಿಯುತ್ತದೆ. ಬಿಸಿಲು ಚೆನ್ನಾಗಿದ್ದರೆ ಹನ್ನೆರಡರಿಂದ ಹದಿನೈದನೇ ದಿನಕ್ಕೆ ಇಳಿಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ನನ್ನ ಆ ವರ್ಷದ ಹಣ್ಣಿನ ಲೆಕ್ಕದಲ್ಲಿ 10 ಕಿಲೋ ತಟ್ಟೆ ತೇವಾಂಶ 13 ಇದ್ದಾಗ 4.04 ಕಿಲೋ, 11 ಇದ್ದಾಗ 3.95 ಕಿಲೋ, 9 ಇದ್ದಾಗ 3.86 ಕಿಲೋ ತೂಗಬೇಕು. ಹಸಿಯಿಂದ ಅತಿ ಒಣಕ್ಕೆ ಇರುವ ಅಂತರ ಬರೀ 180 ಗ್ರಾಂ! ಕೈಯಲ್ಲಿ ಹಿಡಿದು, ಕುಲುಕಿ ಸದ್ದು ಕೇಳಿ ಇದನ್ನು ಹೇಳುತ್ತೇನೆ ಎನ್ನುವ ಹಿರಿಯರು ಇದ್ದಾರೆ. ಒಣಗಿದ ಚೆರ್ರಿ ಮುಷ್ಟಿಯಲ್ಲಿ ಗಲಗಲ ಅನ್ನುವುದು ನಿಜ. ಆದರೆ ಅದು 13ಕ್ಕೂ ಗಲಗಲ ಅನ್ನುತ್ತದೆ, 9ಕ್ಕೂ ಅನ್ನುತ್ತದೆ. ಸದ್ದು ಬಂದ ಮೇಲಿನ ಎರಡು ಮೂರು ದಿನವೇ ದುಡ್ಡಿನ ದಿನ. ಅಲ್ಲಿ ತಕ್ಕಡಿಯೇ ಬೇಕು.

ಈ ಅಂಕಿಗಳು ನನ್ನ ಹಣ್ಣಿಗೆ ಮಾತ್ರ. ನಿಮ್ಮ ಹಣ್ಣಿನಲ್ಲಿ ನೀರು ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ತಟ್ಟೆ ಬೇರೆ ತೂಕಕ್ಕೆ ನಿಲ್ಲುತ್ತದೆ. ಹಾಗಾಗಿ ತೂಕ ನಿಧಾನವಾದ ದಿನ ಒಂದಿಷ್ಟು ಚೆರ್ರಿಯನ್ನು ಒಡೆದು ತೇವಾಂಶ ಮೀಟರಿಗೆ ಹಾಕಿ. ರೋಬಸ್ಟಾ ಚೆರ್ರಿಗೆ ಒಪ್ಪುವ ತೇವಾಂಶ 11. ಪಾರ್ಚ್‌ಮೆಂಟಿಗೆ 10. ಮೀಟರಿಗೆ ಹಾಕುವ ಬೀಜ ಬಿಸಿಲಿನ ಬಿಸಿಯಲ್ಲಿ ಇರಬಾರದು. ಮಧ್ಯಾಹ್ನ ಅಂಗಳದಿಂದ ನೇರ ತಂದು ಹಾಕಿದರೆ ಮೀಟರ್ ಸುಳ್ಳು ಹೇಳುತ್ತದೆ. ಒಂದು ಮುಚ್ಚಳದ ಡಬ್ಬದಲ್ಲಿ ಹಾಕಿ ತಣ್ಣಗಾದ ಮೇಲೆ ನೋಡಿ.

ಅಂಗಳದ ಬಗ್ಗೆ ಒಂದು ಮಾತು. ಸಗಣಿ ಸಾರಿಸಿದ ಮಣ್ಣಿನಂಗಳದಲ್ಲಿ ಅಡಿಕೆ ಒಣಗಿಸುವವರು ಕಾಫಿಯನ್ನೂ ಅಲ್ಲೇ ಹಾಕುತ್ತಾರೆ. ಬೇಡ. ಅಡಿಕೆಗೆ ಗಟ್ಟಿ ಸಿಪ್ಪೆ ಉಂಟು, ಕಾಫಿ ಹಣ್ಣು ಮೊದಲ ನಾಲ್ಕು ದಿನ ಮೆತ್ತಗಿರುತ್ತದೆ, ಮಣ್ಣಿನ ವಾಸನೆಯನ್ನೂ ಬೂಸ್ಟನ್ನೂ ಹಿಡಿದುಕೊಳ್ಳುತ್ತದೆ. ಸಿಮೆಂಟ್ ಅಂಗಳ ಇಲ್ಲದಿದ್ದರೆ ಟಾರ್ಪಾಲು ಹಾಸಿ. ಅಡಿಕೆಯನ್ನು ನಲವತ್ತು ದಿನ ಬಿಟ್ಟ ಹಾಗೆ ಕಾಫಿಯನ್ನು "ಇರಲಿ ಇನ್ನೆರಡು ದಿನ" ಎಂದು ಬಿಡುವುದು ನಮ್ಮ ಕರಾವಳಿಯವರ ಇನ್ನೊಂದು ತಪ್ಪು. ಅದರ ಬೆಲೆ ಎಷ್ಟೆಂದು ಮುಂದೆ ಬರುತ್ತದೆ.

ಔಟ್‌ಟರ್ನ್ ಮನೆಯಲ್ಲೇ ತೆಗೆಯುವುದು

ಬೇಕಾದ್ದು ಗ್ರಾಂ ತೋರಿಸುವ ಒಂದು ಅಡುಗೆಮನೆ ತಕ್ಕಡಿ, ಒಂದು ಒರಳು, ಮರದ ಒನಕೆ, ಒಂದು ಗೆರಸೆ. ಪ್ರತಿಯೊಂದು ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಮುಷ್ಟಿ ತೆಗೆದು ಒಂದು ಹಾಳೆಯ ಮೇಲೆ ರಾಶಿ ಮಾಡಿ. ಮೇಲಿನಿಂದ ಮಾತ್ರ ತೆಗೆದರೆ ಹಗುರದ್ದೇ ಬರುತ್ತದೆ. ರಾಶಿಯನ್ನು ಚೆನ್ನಾಗಿ ಕಲಸಿ ಚಪ್ಪಟೆ ಮಾಡಿ, ಬೆರಳಲ್ಲಿ ಗೆರೆ ಎಳೆದು ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಚೀಲಕ್ಕೆ ವಾಪಸ್ ಹಾಕಿ. ಮತ್ತೆ ಕಲಸಿ ಮತ್ತೆ ಪಾಲು ಮಾಡಿ, 600 ಗ್ರಾಮಿಗಿಂತ ಸ್ವಲ್ಪ ಹೆಚ್ಚು ಉಳಿಯುವ ತನಕ.

ಅದರಿಂದ 200 ಗ್ರಾಮಿನ ಮೂರು ಭಾಗ ತೂಗಿ. ಒಂದೊಂದನ್ನೇ ಒರಳಿಗೆ ಹಾಕಿ ಮೆತ್ತಗೆ ಕುಟ್ಟಿ. ಅಕ್ಕಿ ಹಿಟ್ಟು ಮಾಡುವ ಹಾಗೆ ಕುಟ್ಟಿದರೆ ಬೀಜ ಚೂರಾಗಿ ಗೆರಸೆಯಲ್ಲಿ ಸಿಪ್ಪೆಯೊಂದಿಗೆ ಹಾರಿಹೋಗುತ್ತದೆ. ಕೇರಿದ ಮೇಲೆ ಸಿಪ್ಪೆಯಲ್ಲಿ ಉಳಿದ ಚೂರುಗಳನ್ನು ಆರಿಸಿ ಬೀಜಕ್ಕೆ ಸೇರಿಸಿ. ಬೀಜಕ್ಕೆ ಅಂಟಿದ ಒಳಸಿಪ್ಪೆಯನ್ನು ಕೈಯಲ್ಲಿ ಉಜ್ಜಿ ತೆಗೆಯಿರಿ. ಆಮೇಲೆ ತೂಗಿ.

ನನ್ನ ಆ ಮಾಲಿನಿಂದ ಮನೆಯಲ್ಲಿ ಒಂದು ಡಬ್ಬ ಚೆರ್ರಿ ಉಳಿದಿತ್ತು, ಮುಚ್ಚಳ ಭದ್ರವಾಗಿ ಮುಚ್ಚಿ ಇಟ್ಟದ್ದು. ಭಾವ ಬಂದ ದಿನ ಒಡೆದು ನೋಡಿದೆವು. ಬಂದದ್ದು 105.0, 106.2, 105.6 ಗ್ರಾಂ. ಸರಾಸರಿ 105.6. ಇದನ್ನು 200ರಿಂದ ಭಾಗಿಸಿ 50ರಿಂದ ಗುಣಿಸಿದರೆ ಔಟ್‌ಟರ್ನ್ 26.4. ಮೂರು ಭಾಗ ಯಾಕೆ ಎಂದರೆ ತಕ್ಕಡಿಯಲ್ಲಿ ಒಂದು ಗ್ರಾಂ ಆಚೀಚೆಯಾದರೆ ಔಟ್‌ಟರ್ನ್ ಕಾಲು ಪಾಯಿಂಟ್ ಆಚೀಚೆಯಾಗುತ್ತದೆ. 20 ಚೀಲಕ್ಕೆ ಕಾಲು ಪಾಯಿಂಟ್ ಅಂದರೆ ₹350ರ ಲೆಕ್ಕದಲ್ಲಿ ₹1,750. ಗೆರಸೆಯಿಂದ ಹಾರಿದ ಆರೇಳು ಬೀಜದ ಬೆಲೆ ಅದು. ಮೂರೂ ತೂಕ ಎರಡು ಗ್ರಾಮಿಗಿಂತ ಹೆಚ್ಚು ದೂರ ದೂರ ಬಂದರೆ ಮಾಲು ಸರಿಯಾಗಿ ಕಲಸಿಲ್ಲ ಎಂದರ್ಥ, ಮತ್ತೆ ಮಾಡಿ.

ವ್ಯಾಪಾರಿಯ ಎದುರು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಒಂದು ವಿಷಯವಿದೆ. ಕಪ್ಪು ಬೀಜ ಮತ್ತು ಚೂರನ್ನು ಔಟ್‌ಟರ್ನಿಗೆ ಸೇರಿಸುತ್ತಾರೋ ತೆಗೆದು ತೂಗುತ್ತಾರೋ? ಕೆಲವರು ತೆಗೆಯುತ್ತಾರೆ. ತೆಗೆಯುವುದಾದರೆ ಪಾಯಿಂಟಿನ ದರ ಅದಕ್ಕೆ ತಕ್ಕಂತೆ ಹೆಚ್ಚಿರಬೇಕು. ದರ ಸಾಮಾನ್ಯದ್ದೇ ಕೊಟ್ಟು ಕಪ್ಪನ್ನೂ ತೆಗೆಯುವುದು ಸರಿಯಲ್ಲ.

ಒಂದೇ ನೀರಿಗೆ ಎರಡು ಕಡಿತ

ಈಗ ಭಾವನ ಪ್ರಶ್ನೆಗೆ ಬರೋಣ. ಮೊದಲು ನನ್ನ ಮಾಲಿನ ನಿಜವಾದ ಲೆಕ್ಕ. 1,010 ಕಿಲೋ ಚೆರ್ರಿಯಲ್ಲಿ ನೂರಕ್ಕೆ 13 ನೀರು, ಉಳಿದ 87 ಪಾಲು ಒಣ ಪದಾರ್ಥ. ಅಂದರೆ 878.7 ಕಿಲೋ. ಬಿಸಿಲು ಇದನ್ನು ಮುಟ್ಟುವುದಿಲ್ಲ, ನೀರನ್ನು ಮಾತ್ರ ಒಯ್ಯುತ್ತದೆ. ತೇವಾಂಶ 11ಕ್ಕೆ ಬಂದಾಗ ಇದೇ 878.7 ಕಿಲೋ ಒಟ್ಟು ತೂಕದ ನೂರಕ್ಕೆ 89 ಆಗಿರುತ್ತದೆ. 878.7ನ್ನು 0.89ರಿಂದ ಭಾಗಿಸಿದರೆ 987.3 ಕಿಲೋ. ಕೊಳ್ಳುವವನು ದುಡ್ಡು ಕೊಡಬೇಕಾದದ್ದು ಈ ತೂಕಕ್ಕೆ. ಔಟ್‌ಟರ್ನ್ 26.4ರಂತೆ ಇದರಲ್ಲಿ 521.3 ಕಿಲೋ ಬೀಜ, ₹350ರಂತೆ ₹1,82,450.

ಇಲ್ಲಿ ಗಮನಿಸಬೇಕಾದದ್ದು, ಸಿಪ್ಪೆಯೂ ಬೀಜವೂ ಹೆಚ್ಚುಕಡಿಮೆ ಒಟ್ಟಿಗೇ ತೇವ ಹಿಡಿದಿರುತ್ತವೆ. ಹಾಗಾಗಿ ಸ್ಯಾಂಪಲ್ಲನ್ನು ಇದ್ದ ಹಾಗೇ ಒಡೆದರೆ ಔಟ್‌ಟರ್ನ್ ಹೆಚ್ಚು ಬದಲಾಗುವುದಿಲ್ಲ, 13ರಲ್ಲೂ 26.4, 11ರಲ್ಲೂ 26.4. ನೀರಿನ ಕಡಿತವನ್ನು ಚೀಲದ ತೂಕದಲ್ಲಿ ಮಾಡುವುದು ನ್ಯಾಯ. ಕ್ವಿಂಟಾಲಿಗೆ ಎರಡು ಕಿಲೋ ಕಡಿತ ನ್ಯಾಯಕ್ಕಿಂತ ಸ್ವಲ್ಪ ಕಡಿಮೆಯೇ, ಸರಿಯಾದ ಲೆಕ್ಕ ಎರಡೂಕಾಲು ಕಿಲೋ. ಅಷ್ಟರಮಟ್ಟಿಗೆ ಬೆಳೆಗಾರನಿಗೆ ಲಾಭ.

ಆದರೆ ಅವರು ನನ್ನ 200 ಗ್ರಾಮನ್ನು ಎರಡು ದಿನ ಇಟ್ಟು, ಒಣಗಿಸಿ ಒಡೆದಿದ್ದರು. ತೇವಾಂಶ 11ಕ್ಕೆ ಒಣಗಿದಾಗ 200 ಗ್ರಾಂ 195.5 ಆಗಿರುತ್ತದೆ. ಅದರಲ್ಲಿ ಬೀಜ 103.2 ಗ್ರಾಂ. ಇದನ್ನು ಒಣಗಿಸುವ ಮೊದಲಿನ 200ರಿಂದ ಭಾಗಿಸಿದರೆ ಔಟ್‌ಟರ್ನ್ 25.8. ಅಂದರೆ ನೀರಿನ ಕಡಿತ ಆಗಲೇ ಔಟ್‌ಟರ್ನಿನೊಳಗೆ ಬಂದಾಯಿತು. 1,010 ಕಿಲೋಗೆ 25.8ರ ಲೆಕ್ಕ ಹಾಕಿ ನೋಡಿ, ಅದೇ 521 ಕಿಲೋ ಬೀಜ ಸಿಗುತ್ತದೆ. ಇಲ್ಲಿಗೆ ಮುಗಿಯಬೇಕಿತ್ತು. ಅವರು ಇದರ ಮೇಲೆ ಮತ್ತೆ ಕ್ವಿಂಟಾಲಿಗೆ ಎರಡು ಕಿಲೋ ಕಡಿದರು. ಒಂದೇ ನೀರಿಗೆ ಎರಡು ಸಲ. ಅಲ್ಲಿ ಹೋದದ್ದು ಸುಮಾರು ₹3,650. ಆಮೇಲೆ 25.8ನ್ನು "ಲೆಕ್ಕಕ್ಕೆ ಸುಲಭ" ಎಂದು ಇಪ್ಪತ್ತೈದೂವರೆ ಮಾಡಿದರು. ಅದರಲ್ಲಿ ಇನ್ನೊಂದು ₹2,080. ಕೊನೆಗೆ ಕೈಗೆ ಬರುವುದು ₹1,76,680.

ಮೋಸವೋ ಅಭ್ಯಾಸವೋ ನನಗೆ ಹೇಳಲು ಬರುವುದಿಲ್ಲ. ಕೇಳದೆ ಇದ್ದದ್ದು ನಾನು. ಈಗ ಸ್ಯಾಂಪಲ್ ಕೊಡುವಾಗಲೇ ಹೇಳಿಬಿಡುತ್ತೇನೆ: "ಹಾಗೇ ಒಡೆದರೆ ತೂಕದಲ್ಲಿ ಕಡಿಯಿರಿ, ಒಣಗಿಸಿ ಒಡೆದರೆ ತೂಕದಲ್ಲಿ ಕಡಿಯಬೇಡಿ. ಎರಡರಲ್ಲಿ ಯಾವುದು ಬೇಕಾದರೂ ಆಗ್ತದೆ." ಇನ್ನೂ ಒಳ್ಳೆಯದು, ನನ್ನ ಎದುರೇ ಒಡೆಸುವುದು. ಅರ್ಧ ಪಾಯಿಂಟಿಗೆ ಇಳಿಸುವ ಪದ್ಧತಿಯನ್ನು ಪೂರ್ತಿ ತಪ್ಪಿಸುವುದು ಕಷ್ಟ. ಆದರೆ ನಮ್ಮ ಹತ್ತಿರ ಮೂರು ತೂಕ ಬರೆದ ಚೀಟಿ ಇದ್ದರೆ ಮಾತು ಬೇರೆ ದಿಕ್ಕಿಗೆ ಹೋಗುತ್ತದೆ.

ಮೊಬೈಲಿನ ಶೀಟಿನಲ್ಲಿ ನಾನು ಇಟ್ಟುಕೊಂಡ ಲೆಕ್ಕ ಇದು. B1ರಲ್ಲಿ ಚೆರ್ರಿಯ ತೂಕ, B2ರಲ್ಲಿ ತೇವಾಂಶ, B4ರಲ್ಲಿ ಇದ್ದ ಹಾಗೇ ಒಡೆದ ಔಟ್‌ಟರ್ನ್, B6ರಲ್ಲಿ ಪಾಯಿಂಟಿನ ದರ ಹಾಕಿ, B3, B5, B7ರಲ್ಲಿ ಕ್ರಮವಾಗಿ ಈ ಮೂರು ಸಾಲು ಬರೆಯಿರಿ.

```
=B1*(100-B2)/(100-11)
=B3*B4/50
=B5*B6
```

ಮೊದಲ ಸಾಲು 11ಕ್ಕೆ ತಂದ ತೂಕ, ಎರಡನೆಯದು ಬೀಜದ ಕಿಲೋ, ಮೂರನೆಯದು ರೂಪಾಯಿ.

ಇದೇ ಶೀಟಿನಲ್ಲಿ B1ಕ್ಕೆ ಒಣಗಿದ ಮೇಲಿನ ತೂಕ, B2ಕ್ಕೆ 11 ಎಂದೇ ಹಾಕಿ ಅತಿ ಒಣಗಿದ ಮಾಲಿನ ಬೆಲೆಯನ್ನೂ ನೋಡಬಹುದು. ನನ್ನ ಚೆರ್ರಿ 9ಕ್ಕೆ ಹೋಗಿದ್ದರೆ ಚೀಲದ ತಕ್ಕಡಿ 965.6 ಕಿಲೋ ತೋರಿಸುತ್ತಿತ್ತು. ತೇವ ಹೆಚ್ಚಾದರೆ ಕಡಿಯುವವರು ತೇವ ಕಡಿಮೆಯಾದರೆ ಸೇರಿಸಿ ಕೊಡುವುದನ್ನು ನಾನು ಕಂಡಿಲ್ಲ. ಹಾಗಾಗಿ ಬೀಜ 509.8 ಕಿಲೋ ಎಂದೇ ಲೆಕ್ಕ, ₹4,000 ನಷ್ಟ. ಅದಲ್ಲದೆ ಅಷ್ಟು ಒಣಗಿದ ಬೀಜ ಸಿಪ್ಪೆ ಬಿಡಿಸುವಾಗ ಚೂರಾಗುತ್ತದೆ. ಅಡಿಕೆಯಂತೆ ಇನ್ನೆರಡು ದಿನ ಬಿಟ್ಟದ್ದರ ಫಲ ಅದು. ಹದಿಮೂರಕ್ಕೆ ಮಾರಿ ಎರಡು ಸಲ ಕಡಿಸಿಕೊಂಡದ್ದಕ್ಕಿಂತ ಹೆಚ್ಚು ಉತ್ತಮವೇನೂ ಅಲ್ಲ.

ಖಾಲಿ ಚೀಲದ ತೂಕವನ್ನೂ ನೋಡಿಕೊಳ್ಳಿ. ಗೋಣಿಗೆ ಒಂದು ಕಿಲೋ ಎಂದು ಕಡಿಯುತ್ತಾರೆ. ನಮ್ಮ ಗೋಣಿಯನ್ನು ತೂಗಿದರೆ 700 ಗ್ರಾಂ ಇತ್ತು. 20 ಚೀಲಕ್ಕೆ 6 ಕಿಲೋ ಚೆರ್ರಿ, ಸುಮಾರು ₹1,100.

ಹಸಿ ಹಣ್ಣನ್ನೇ ಕೊಡುವುದಾದರೆ

ಒಣಗಿಸುವ ರಗಳೆ ಬೇಡ ಎನ್ನುವವರಿಗೆ ಹಣ್ಣನ್ನೇ ತೂಗಿ ಒಯ್ಯುವವರು ಸಿಗುತ್ತಾರೆ. ಆಗ ಕೇಳಬೇಕಾದ ಕನಿಷ್ಠ ದರವನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಒಣಗಿಸಿ ಮಾರಿದರೆ ₹1,82,450. ಅದರಿಂದ ಹರಡುವುದು, ಕೈಯಾಡಿಸುವುದು, ಮುಚ್ಚುವುದರ ಕೂಲಿ ₹12,000 ಮತ್ತು ಗೋಣಿ, ಸಾಗಾಟಕ್ಕೆ ₹4,000 ಎಂದು ಹಿಡಿದು ಕಳೆದರೆ ₹1,66,450. 2,500 ಕಿಲೋ ಹಣ್ಣಿಗೆ ಹಂಚಿದರೆ ಕಿಲೋಗೆ ₹66.58. ಕೊಯ್ಲಿನ ಕೂಲಿ ಎರಡೂ ಕಡೆ ಒಂದೇ, ಅದನ್ನು ಇಲ್ಲಿ ತರಬೇಡಿ.

ಹಣ್ಣಿಗೆ ₹66 ಕೊಡುತ್ತೇನೆ ಎಂದರೆ ನಾನು ಕೊಟ್ಟುಬಿಡುತ್ತೇನೆ. 58 ಪೈಸೆಗಾಗಿ ಹದಿನೈದು ದಿನ ಆಕಾಶ ನೋಡುತ್ತಾ ಕೂರುವುದು ಯಾರಿಗೆ ಬೇಕು? ₹60 ಎಂದರೆ ಒಣಗಿಸುತ್ತೇನೆ. ಜನವರಿಯಲ್ಲಿ ಅಕಾಲ ಮಳೆ ಬಂದು ಹಣ್ಣು ಟಾರ್ಪಾಲಿನಡಿ ಎರಡು ದಿನ ಬಿಸಿಯಾಗಿ ಕೂತರೆ ಸಿಪ್ಪೆ ಕಪ್ಪಾಗಿ ಹುಳಿ ವಾಸನೆ ಬರುತ್ತದೆ. ರಾಶಿಯ ನಡುವೆ ಕೈ ಹಾಕಿದಾಗ ಬೆಚ್ಚಗೆ ತಾಗಿದರೆ ಮಳೆಯಲ್ಲೂ ಅದನ್ನು ಬಿಡಿಸಿ ಜಗುಲಿಯಲ್ಲೋ ಕೊಟ್ಟಿಗೆಯಲ್ಲೋ ಹರಡಬೇಕು. ಅಲ್ಲಿ ಹೋಗುವುದು ತೂಕ ಮಾತ್ರವಲ್ಲ, ಗ್ರೇಡೂ ಹೋಗುತ್ತದೆ.

ಗ್ರೇಡ್ ಮಾಡಿಸಿ ಮಾರಿದರೆ ಹೆಚ್ಚು ಸಿಗುತ್ತದೆಯೇ

ಕ್ಯೂರಿಂಗ್ ವರ್ಕ್ಸಿಗೆ ಹಾಕಿದರೆ ಅಲ್ಲಿ ಸಿಪ್ಪೆ ಬಿಡಿಸಿ, ಜರಡಿ ಹಿಡಿದು ಗ್ರೇಡ್ ಮಾಡುತ್ತಾರೆ. ಜರಡಿಯ ನಂಬರ್ ಅಂದರೆ ತೂತಿನ ಅಗಲ ಒಂದು ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಎಷ್ಟು ಎಂದು. 15ನೇ ಜರಡಿಯ ತೂತು ಸುಮಾರು 6 ಮಿಲಿಮೀಟರ್. ರೋಬಸ್ಟಾ ಚೆರ್ರಿಯಲ್ಲಿ ಇದರ ಮೇಲೆ ನಿಲ್ಲುವ ಬೀಜ ಎಬಿ, ಅದಕ್ಕಿಂತ ಸಣ್ಣದು ಸಿ. ಒಂದೇ ದುಂಡು ಬೀಜವಿರುವುದು ಪಿಬಿ. ಕಪ್ಪು, ಕಂದು, ಚೂರು ಎಲ್ಲ ಸೇರಿ ಬಿಬಿಬಿ.

ಮೇಲಿನ ₹350 ಎನ್ನುವುದು ಇವೆಲ್ಲ ಕಲೆತ ಬೀಜದ ದರ. ಒಂದು ಲೆಕ್ಕ ಹಾಕೋಣ, ದರ ಇಲ್ಲೂ ಉದಾಹರಣೆಗೆ ಮಾತ್ರ. 100 ಕಿಲೋ ಬೀಜದಲ್ಲಿ ಪಿಬಿ 15 ಕಿಲೋ ₹395ರಂತೆ, ಎಬಿ 58 ಕಿಲೋ ₹385ರಂತೆ, ಸಿ 18 ಕಿಲೋ ₹355ರಂತೆ, ಬಿಬಿಬಿ 9 ಕಿಲೋ ₹290ರಂತೆ. ಒಟ್ಟು ₹37,255, ಅಂದರೆ ಕಿಲೋಗೆ ₹372.55. 521 ಕಿಲೋಗೆ ₹11,750 ಹೆಚ್ಚುವರಿ. ಆಸೆ ಹುಟ್ಟಿಸುವ ಮೊತ್ತವೇ.

ಈಗ ಅದೇ ಮಾಲು ಮಳೆಗೆ ಸಿಕ್ಕಿ ಬಿಬಿಬಿ 9ರಿಂದ 18ಕ್ಕೆ ಏರಿ, ಎಬಿ 49ಕ್ಕೆ ಇಳಿಯಿತೆನ್ನಿ. ಕಿಲೋಗೆ ₹364. ಹೆಚ್ಚುವರಿ ₹7,300ಕ್ಕೆ ಬಂತು. ಇದರಿಂದ ಕ್ಯೂರಿಂಗ್ ಚಾರ್ಜು, ಸಾಗಾಟ, ಯಂತ್ರದಲ್ಲಿ ಧೂಳಾಗಿ ಹೋಗುವ ತೂಕ, ಗ್ರೇಡುಗಳು ಒಂದೊಂದಾಗಿ ಮಾರಾಟವಾಗುವ ತನಕ ಸಿಕ್ಕಿಬೀಳುವ ದುಡ್ಡಿನ ಬಡ್ಡಿ ಎಲ್ಲ ಕಳೆಯಬೇಕು. ಕಿಲೋಗೆ ಒಟ್ಟು ಖರ್ಚು ₹14 ದಾಟಿದರೆ ಅಲ್ಲಿಗೆ ಮುಗಿಯಿತು, ಮನೆಬಾಗಿಲಲ್ಲೇ ಮಾರಿದವನೇ ಜಾಣ.

ಹಾಗಾಗಿ ಕ್ಯೂರಿಂಗಿಗೆ ಹಾಕುವ ಮೊದಲು ನಿಮ್ಮ ಒಡೆದ ಸ್ಯಾಂಪಲ್ಲಿನಿಂದ 100 ಗ್ರಾಂ ಬೀಜ ತೂಗಿ ಮೇಜಿನ ಮೇಲೆ ಹರಡಿ, ಕಪ್ಪು ಮತ್ತು ಚೂರನ್ನು ಆರಿಸಿ ತೂಗಿ. ಹತ್ತು ಗ್ರಾಮಿನ ಒಳಗಿದ್ದರೆ ಯೋಚಿಸಬಹುದು. 20 ಚೀಲದಷ್ಟು ಸಣ್ಣ ಮಾಲನ್ನು ಬೇರೆಯವರದ್ದರ ಜೊತೆ ಕಲಸದೆ ಪ್ರತ್ಯೇಕವಾಗಿ ಮಾಡಿಕೊಡುತ್ತಾರೋ ಎಂದು ಮೊದಲೇ ಕೇಳಿ. ಇಲ್ಲವಾದರೆ ನಿಮ್ಮ ಒಳ್ಳೆಯ ಎಬಿ ಯಾರದೋ ಲೆಕ್ಕಕ್ಕೆ ಹೋಗುತ್ತದೆ. ನೂರಿನ್ನೂರು ಚೀಲ ಇರುವ ಘಟ್ಟದವರಿಗೆ ಇದು ಬೇರೆಯದೇ ಲೆಕ್ಕ.

ಮಾರದೆ ಇಟ್ಟರೆ

ದರ ಏರುತ್ತದೆ ಎಂದು ಚೀಲ ಇಡುವವರು ಘಟ್ಟದ ಮೇಲೆ ಇಡಲಿ, ಮಂಗಳೂರಿಗೆ ಉಡುಪಿಗೆ ತಂದು ಮನೆಯ ಕೋಣೆಯಲ್ಲಿ ಇಡಬೇಡಿ. ಕಡಲ ಬದಿಯ ಗಾಳಿಯಿಂದ ಕಾಫಿ ನೀರು ಹೀರುತ್ತದೆ. ಮಂಗಳೂರಿನ ಕ್ಯೂರಿಂಗ್ ಗೋದಾಮುಗಳಲ್ಲಿ ಮಾನ್ಸೂನ್ಡ್ ಮಲಬಾರ್ ಮಾಡುವುದು ಇದೇ ಗಾಳಿಯಿಂದ. ಜೂನಿನಿಂದ ಬೀಜವನ್ನು ನೆಲಕ್ಕೆ ಹರಡಿ, ಕೈಯಾಡಿಸಿ, ಚೀಲಕ್ಕೆ ತುಂಬಿ ಮತ್ತೆ ಸುರಿದು, ವಾರಗಟ್ಟಲೆ ಮಳೆಗಾಳಿ ಕುಡಿಸಿ ಬಿಳಿಚಿದ ದಪ್ಪ ಬೀಜ ಮಾಡುತ್ತಾರೆ. ಆದರೆ ಅದು ಆರಿಸಿದ, ಸಿಪ್ಪೆ ಬಿಡಿಸಿದ ಬೀಜ, ದಿನಾ ನೋಡಿಕೊಳ್ಳುವ ಜನ ಇದ್ದಾರೆ. ನಮ್ಮ ಮಂಚದಡಿಯ ಗೋಣಿಯಲ್ಲಿ ಆಗುವುದು ಬೂಸ್ಟು.

ಮರುವರ್ಷ ಕೊನೆಯ ಬರಗಲಿನ 10 ಕಿಲೋ ಚೆರ್ರಿಯನ್ನು 11ಕ್ಕೆ ಒಣಗಿಸಿ, ಗೋಣಿಯಲ್ಲಿ ಕಟ್ಟಿ ಮಂಗಳೂರಿನ ಮನೆಯ ಅಟ್ಟದಲ್ಲಿ ಇಟ್ಟೆ, ನೋಡುವ ಎಂದು. ಜೂನ್ ಕೊನೆಗೆ ತೂಗಿದಾಗ 10 ಕಿಲೋ 350 ಗ್ರಾಂ. ಮನೆಯವಳು, "ನೋಡಿ, ಸುಮ್ಮನೆ ಕೂತು ಬೆಳೆದಿದೆ" ಅಂದಳು. ಲೆಕ್ಕ ಹಾಕಿದರೆ ತೇವಾಂಶ 14. ಬಾಯಿ ಬಿಚ್ಚಿದಾಗ ಹಳೆ ಕಪಾಟಿನ ವಾಸನೆ, ತಳದ ಚೆರ್ರಿಗಳ ಮೇಲೆ ಬಿಳಿ ಪುಡಿ. ಅದನ್ನು ಯಾರಿಗೂ ತೋರಿಸಲಿಲ್ಲ, ತೆಂಗಿನ ಬುಡಕ್ಕೆ ಹಾಕಿದೆ.